ಖಾಲಿ ಡಬ್ಬಿ: ಒಂದು ನಿಮಿಷದ ರೀಲ್‌ಗೆ ಸ್ಕ್ರಿಪ್ಟ್

ಶೂಟಿಂಗ್: ಭಾನುವಾರ ಬೆಳಿಗ್ಗೆ 8ಕ್ಕೆ, ಮೈಸೂರಿನ ನಮ್ಮ ಮನೆಯಲ್ಲಿ. ಮುಂಬಾಗಿಲಿಗೆ ಬಿಸಿಲು ಬೀಳೋದು ಹತ್ತೂವರೆವರೆಗೆ ಮಾತ್ರ. ಬಾಗಿಲಿನ ಶಾಟ್‌ಗಳೆಲ್ಲ ಅಷ್ಟರಲ್ಲಿ ಮುಗಿಯಬೇಕು.

ಯಾರು ಯಾರು: ಅಮ್ಮನಾಗಿ ಅತ್ತಿಗೆ. ಪಕ್ಕದ ಮನೆ ವಿಮಲ ಆಂಟಿಯಾಗಿ ಚಿಕ್ಕಮ್ಮ. ಪುಟ್ಟನಾಗಿ ನನ್ನ ತಮ್ಮ. ಮೇಲಿನ ಮನೆ ಸರೋಜಮ್ಮನಾಗಿ ಅಜ್ಜಿ. ಫೋನ್ ಹಿಡಿಯೋದು ನಾನು. ಉದ್ದಕ್ಕೆ ಹಿಡಿದು, 9:16ರಲ್ಲಿ.

ಎಲ್ಲರಿಗೂ ಒಂದು ಮಾತು. ಈ ಕಥೆಯಲ್ಲಿ ಯಾರೂ ಜಿಪುಣರಲ್ಲ, ಯಾರೂ ಜಗಳಗಂಟಿಯರಲ್ಲ. ಪಕ್ಕದ ಮನೆಗೆ ಖಾಲಿ ಡಬ್ಬಿ ವಾಪಸ್ ಕೊಡಬಾರದು ಅಂತ ಇಬ್ಬರು ಹೆಂಗಸರು ಮನಸಾರೆ ನಂಬಿದ್ದಾರೆ, ಅಷ್ಟೇ. ನಗಿಸೋಕೆ ಅಂತ ಮುಖ ಸೊಟ್ಟ ಮಾಡಬೇಡಿ. ಅವರಿಗೆ ಇದು ಮರ್ಯಾದೆ ಪ್ರಶ್ನೆ. ನೀವು ಎಷ್ಟು ಗಂಭೀರವಾಗಿ ಮಾಡ್ತೀರೋ ನೋಡೋರಿಗೆ ಅಷ್ಟು ನಗು ಬರುತ್ತೆ.

0:00 – 0:03. ಬಾಗಿಲು

ಮೊದಲ ಫ್ರೇಮ್‌ನಿಂದಲೇ ಸ್ಟೀಲ್ ಡಬ್ಬಿ ಪರದೆ ತುಂಬ ಇರಬೇಕು. ಡಬ್ಬಿ ಆಗಲೇ ಚಲಿಸ್ತಾ ಇದೆ. ಪುಟ್ಟನ ಎರಡು ಕೈ ಅದನ್ನು ಬಾಗಿಲಾಚೆ ಚಾಚುತ್ತಿವೆ. ಆ ಕಡೆಯಿಂದ ಬಳೆ ತೊಟ್ಟ ಕೈಯೊಂದು ಬರುತ್ತೆ. ಡಬ್ಬಿಗೂ ಆ ಕೈಗೂ ನಡುವೆ ಎರಡೇ ಬೆರಳು ಜಾಗ. ಯಾರ ಮುಖವೂ ಕಾಣೋದಿಲ್ಲ.

ಅಮ್ಮ (ಒಳಗಿನಿಂದ, ಗಂಟಲು ಹರಿಯೋ ಹಾಗೆ): ಲೋ! ಖಾಲಿ ಡಬ್ಬಿನಾ ಕೊಡ್ತಿರೋದು?!

ಅಮ್ಮ ಓಡಿಬಂದು ಡಬ್ಬಿ ಕಿತ್ಕೊಳ್ತಾಳೆ. ಕೈಯಲ್ಲಿ ದೋಸೆ ಹಿಟ್ಟಿನ ಸೌಟು. ಮುಚ್ಚಳ ಕೆಳಗೆ ಬಿದ್ದು ಗಿರಗಿರ ತಿರುಗುತ್ತೆ. ಆ ಸದ್ದನ್ನು ಆಮೇಲೆ ಅಡುಗೆಮನೆ ನೆಲದ ಮೇಲೆ ಬೇರೆಯಾಗಿ ರೆಕಾರ್ಡ್ ಮಾಡೋಣ. ಹೊರಗಡೆ ಆಟೋ ಸದ್ದಿನಲ್ಲಿ ಅದು ಮುಳುಗಿಹೋಗುತ್ತೆ.

ಪರದೆಯ ಮೇಲೆ: ಈ ಡಬ್ಬಿ ವಾಪಸ್ ಕೊಡೋಕೆ ಒಂದು ವರ್ಷ ಹಿಡೀತು

ಅತ್ತಿಗೆ, ಇಲ್ಲಿ ಉಸಿರು ತಗೊಂಡು ಶುರು ಮಾಡಬೇಡಿ. ‘ಲೋ’ ಅನ್ನೋದು ಡಬ್ಬಿ ಕಂಡ ಕ್ಷಣಕ್ಕೇ ಕೇಳಿಸಬೇಕು. ‘ನಮಸ್ಕಾರ ಸ್ನೇಹಿತರೇ’ ಇಲ್ಲ, ನಮ್ಮ ಪೇಜಿನ ಹೆಸರೂ ಇಲ್ಲ. ನೋಡೋರ ಹೆಬ್ಬೆರಳು ಮುಂದಿನ ವಿಡಿಯೋ ಕಡೆ ಹೋಗ್ತಾ ಇರುತ್ತೆ. ಆ ಬೆರಳನ್ನು ಹಿಡಿದು ನಿಲ್ಲಿಸೋದು ನಿಮ್ಮ ಆ ಒಂದು ಕೂಗು. ಹತ್ತು ಟೇಕ್ ಆದ್ರೂ ಪರವಾಗಿಲ್ಲ, ಇದೊಂದು ಸರಿಯಾಗಿ ಬರಲಿ. ಮಿಕ್ಕಿದ್ದೆಲ್ಲ ಒಂದೆರಡು ಟೇಕ್‌ನಲ್ಲಿ ಆಗಿಬಿಡುತ್ತೆ.

0:03 – 0:10. ಅದೇ ಬಾಗಿಲು

ಫೋನ್ ಎರಡು ಹೆಜ್ಜೆ ಹಿಂದೆ. ಈಗ ಮೂವರೂ ಕಾಣ್ತಾರೆ. ಅಮ್ಮ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಟ್ಟು ನಗ್ತಾಳೆ.

ಅಮ್ಮ: ಬನ್ನಿ ವಿಮಲಾ, ಡಬ್ಬಿ ಇನ್ನೂ ತೊಳೆದಿಲ್ಲ ರೀ!

ಪುಟ್ಟ: ತೊಳೆದು ಒಂದು ವಾರ ಆಯ್ತಲ್ಲಮ್ಮ.

ಅಮ್ಮ ನಗು ಬಿಡದೆ ಪುಟ್ಟನ ತೋಳು ಚಿವುಟ್ತಾಳೆ.

ವಿಮಲ ಆಂಟಿ: ಅಯ್ಯೋ, ಡಬ್ಬಿಗೇನು ಅವಸರ? ನಿಧಾನಕ್ಕೆ ಕೊಡಿ.

ಚಿಕ್ಕಮ್ಮ, ‘ನಿಧಾನಕ್ಕೆ ಕೊಡಿ’ ಅನ್ನುವಾಗ ಕಣ್ಣು ಒಂದು ಸಲ ಡಬ್ಬಿ ಕಡೆ ಹೋಗಿ ಬರಲಿ. ಏನು ಹಾಕಿ ಕೊಡ್ತಾಳೋ ಅನ್ನೋ ಕುತೂಹಲ ಅದು.

0:10 – 0:18. ಅಡುಗೆಮನೆ

ಪಿಸುಮಾತು. ಒಲೆ ಹತ್ತಿರ ಮುಖಕ್ಕೆ ಮುಖ ಕೊಟ್ಟು.

ಅಮ್ಮ: ಖಾಲಿ ಡಬ್ಬಿ ಯಾರಾದ್ರೂ ಕೊಡ್ತಾರೇನೋ? ನಾಲ್ಕು ಕಾಳು ಸಕ್ಕರೆಯಾದ್ರೂ ಹಾಕ್ಬೇಕು.

ಪುಟ್ಟ: ಸರಿ, ನಾಲ್ಕು ಕಾಳು ಹಾಕು. ಕೊಟ್ಟು ಬರ್ತೀನಿ.

ಅಮ್ಮ (ನೊಂದುಕೊಂಡು): ಅವರು ಸಂಕ್ರಾಂತಿಗೆ ಎಳ್ಳು ಬೆಲ್ಲ ತುಂಬಿ ಕಳಿಸಿದ್ರು. ಕೊಬ್ಬರಿ ಎಷ್ಟು ಸಣ್ಣಕ್ಕೆ ಹೆಚ್ಚಿದ್ರು ಗೊತ್ತಾ? ಸಕ್ಕರೆ ಅಚ್ಚು ಬೇರೆ ಇಟ್ಟಿದ್ರು. ನಾನು ನಾಲ್ಕು ಕಾಳು ಸಕ್ಕರೆ ಕೊಡ್ಲಾ?

ಈ ಮಾತು ಬರೆಯುವಾಗ ನನಗೆ ನಮ್ಮ ಅಜ್ಜಿಯೇ ಕಣ್ಣ ಮುಂದೆ ಇದ್ದಿದ್ದು. ಎಳ್ಳು ಬೀರೋಕೆ ಅಂತ ಹದಿನೈದು ದಿನ ಮುಂಚೆಯೇ ಅಡಕತ್ತರಿ ಹಿಡಿದು ಕೊಬ್ಬರಿ ಹೆಚ್ಚೋಕೆ ಕೂರ್ತಿದ್ದರು. ಆ ಶ್ರಮ ಗೊತ್ತಿರೋರಿಗೆ ಅಮ್ಮನ ಸಂಕಟ ಅರ್ಥ ಆಗುತ್ತೆ. ಅದಕ್ಕೇ ಅತ್ತಿಗೆ, ಇಲ್ಲಿ ಬೈಗುಳ ಬೇಡ. ದನಿ ಸ್ವಲ್ಪ ನಡುಗಲಿ.

0:18 – 0:40. ವರ್ಷವಿಡೀ

ಫೋನನ್ನು ಸ್ಟೂಲ್ ಮೇಲೆ ಪುಸ್ತಕದ ಒತ್ತು ಕೊಟ್ಟು ನಿಲ್ಲಿಸ್ತೀನಿ. ಆಮೇಲೆ ಅದನ್ನು ಯಾರೂ ಮುಟ್ಟಬಾರದು. ಫ್ರೇಮ್ ಒಂದೇ, ಬಾಗಿಲು ಒಂದೇ. ಬಾಗಿಲಿನ ಅಲಂಕಾರ, ಪುಟ್ಟನ ಬಟ್ಟೆ, ಡಬ್ಬಿಯೊಳಗಿನ ತಿಂಡಿ ಮಾತ್ರ ಬದಲಾಗುತ್ತೆ. ಒಂದೊಂದು ಹಬ್ಬಕ್ಕೆ ಮೂರೂವರೆ ಸೆಕೆಂಡ್. ಹಬ್ಬದ ಹೆಸರು ಪರದೆಯ ಮೇಲೆ ದಪ್ಪ ಅಕ್ಷರದಲ್ಲಿ. ಹಿನ್ನೆಲೆಗೆ ಹಾಡು ಬೇಡ. ಡಬ್ಬಿ ಮೇಲೆ ಚಮಚದಲ್ಲಿ ಬಾರಿಸಿದ ತಾಳ ಸಾಕು, ಹಬ್ಬದಿಂದ ಹಬ್ಬಕ್ಕೆ ಅದು ಜೋರಾಗ್ತಾ ಹೋಗಲಿ.

ಶಿವರಾತ್ರಿ. ಪುಟ್ಟ ಹೊರಗೆ ಹೋಗ್ತಾನೆ. ಅಮ್ಮ ಹಿಂದಿನಿಂದ: ತಂಬಿಟ್ಟು ಹನ್ನೆರಡಿದೆ, ಎಣಿಸಿದ್ದೀನಿ!

ಯುಗಾದಿ. ಬಾಗಿಲಿಗೆ ಮಾವಿನ ತೋರಣ. ಪುಟ್ಟ ಒಳಗೆ ಬರ್ತಾನೆ, ಬಾಯಿ ಆಡ್ತಾ ಇದೆ. ಅಮ್ಮ ಮುಚ್ಚಳ ತೆಗೆದು ಒಬ್ಬಟ್ಟನ್ನು ಬೆಳಕಿಗೆ ಹಿಡೀತಾಳೆ: ಇಷ್ಟು ತೆಳ್ಳಗೆ ಹೆಂಗೆ ತಟ್ಟಿದ್ರು?! (ಆ ಮೆಚ್ಚುಗೆಯಲ್ಲೇ ಹೊಟ್ಟೆಕಿಚ್ಚು ಇಣುಕಲಿ.)

ರಾಮನವಮಿ. ಪುಟ್ಟ ಹಗ್ಗದ ಮೇಲೆ ನಡೆಯೋ ಹಾಗೆ ಒಂದೊಂದೇ ಹೆಜ್ಜೆ ಇಡ್ತಾ ಹೊರಗೆ. ಕ್ಯಾಮೆರಾ ನೋಡಿ, ಮೆಲ್ಲಗೆ: ಡಬ್ಬಿಗೆ ಪಾನಕ ಹಾಕಿದ್ದಾಳೆ.

ಗೌರಿ ಗಣೇಶ. ಪುಟ್ಟ ಒಳಗೆ. ಡಬ್ಬಿ ತುಂಬ ಕರಿಗಡುಬು, ಮುಚ್ಚಳ ಕೂರದೆ ಮೇಲೆ ಎದ್ದು ನಿಂತಿದೆ. ಮಾತಿಲ್ಲ. ಅಮ್ಮ ಮುಚ್ಚಳ ನೋಡ್ತಾಳೆ, ಪುಟ್ಟನ್ನ ನೋಡ್ತಾಳೆ, ಸೆರಗು ಸೊಂಟಕ್ಕೆ ಸಿಕ್ಕಿಸ್ತಾಳೆ. ಮುಂದಿನ ಹಬ್ಬಕ್ಕೆ ಅವಳು ತಯಾರು.

ನವರಾತ್ರಿ. ಪುಟ್ಟ ಹೊರಗೆ. ಒಂದು ಕೈಯಲ್ಲಿ ಡಬ್ಬಿ, ತಲೆ ಮೇಲೆ ಇನ್ನೊಂದು ಪಾತ್ರೆ.

ಪುಟ್ಟ: ಕಡಲೆಕಾಳು ಉಸ್ಲಿ. ಡಬ್ಬಿಯಲ್ಲಿ ಹಿಡಿಸ್ಲಿಲ್ಲ.

ದೀಪಾವಳಿ. ಬಾಗಿಲಲ್ಲಿ ಹಣತೆ. ಪುಟ್ಟ ಒಳಗೆ ಬರ್ತಾನೆ, ಕಜ್ಜಾಯದ ಡಬ್ಬಿ ಅಮ್ಮನ ಕೈಗೆ ಕೊಟ್ಟು ಹೊಸ್ತಿಲ ಮೇಲೇ ಕುಸಿದು ಕೂರ್ತಾನೆ.

ಪುಟ್ಟ: ಅಮ್ಮಾ, ಹಬ್ಬ ಎಲ್ಲ ಮುಗೀತು ಅಲ್ವಾ?

ಅಮ್ಮ (ಕಜ್ಜಾಯ ಕಚ್ಚಿ): ಸಂಕ್ರಾಂತಿ ಬಂತಲ್ಲೋ.

ಇಲ್ಲಿ ತಾಳ ಫಕ್ಕನೆ ನಿಲ್ಲಬೇಕು.

ತಮ್ಮಾ, ಪ್ರತಿ ಸಲವೂ ನೀನು ಏನಾದ್ರೂ ಅಗೀತಾ ಇರ್ಬೇಕು, ಒಳಗೆ ಬರುವಾಗಲೂ ಹೊರಗೆ ಹೋಗುವಾಗಲೂ. ಅದನ್ನು ಬಾಯಿಬಿಟ್ಟು ಹೇಳೋದು ಬೇಡ. ಎರಡನೇ ಸಲ ನೋಡೋರಿಗೆ ಅದು ಸಿಗಲಿ ಅಂತ ಬಿಟ್ಟಿದ್ದೀನಿ. ಒಬ್ಬಟ್ಟು, ಕಜ್ಜಾಯ ನಿಜವಾಗಿಯೂ ತರಿಸ್ತಿದ್ದೀವಿ. ಶಾಟ್ ಮುಗಿಯೋವರೆಗೆ ಜಾಸ್ತಿ ತಿನ್ನಬೇಡ.

0:40 – 0:50. ಪಾತ್ರೆ ತೊಳೆಯೋ ಸಿಂಕ್

ಪುಟ್ಟ ಡಬ್ಬಿ ಬೋರಲು ಹಾಕಿ ತಳ ಉಜ್ಜುತ್ತಿದ್ದಾನೆ. ನೊರೆ ಜಾರುತ್ತೆ. ಚುಕ್ಕಿ ಚುಕ್ಕಿಯಾಗಿ ಹೊಡೆದ ಅಕ್ಷರ ಕಾಣುತ್ತೆ: ಸರೋಜ.

ಅಜ್ಜಿಯ ಹಳೇ ಡಬ್ಬಿಯನ್ನೇ ಬಳಸ್ತಿದ್ದೀವಿ. ಪಾತ್ರೆ ಅಂಗಡಿಯಲ್ಲಿ ಆಗ ಹಾಕಿಸಿದ ಹೆಸರು ಇನ್ನೂ ಹಾಗೇ ಇದೆ. ಕಥೆಯಲ್ಲಿ ಸರೋಜಮ್ಮ ಬಂದಿದ್ದೇ ಆ ಹೆಸರಿನಿಂದ. ಈ ಅಕ್ಷರ ಓದೋಕೆ ಆಗದಿದ್ರೆ ಕಥೆಯೇ ಇಲ್ಲ. ಎದುರಿನಿಂದ ಬೆಳಕು ಬಿದ್ರೆ ಸ್ಟೀಲ್ ಬರೀ ಹೊಳೆಯುತ್ತೆ, ಫೋನ್ ಹಿಡಿದ ನಾನೂ ಅದರಲ್ಲಿ ಕಾಣ್ತೀನಿ. ಅದಕ್ಕೇ ಕಿಟಕಿ ಬೆಳಕು ಪಕ್ಕದಿಂದ ಬೀಳಲಿ, ನನ್ನ ಹಿಂದೆ ಬಿಳಿ ಪಂಚೆ ಇಳಿಬಿಡೋಣ. ಎರಡು ಸೆಕೆಂಡ್ ಅಕ್ಷರದ ಮೇಲೆ ನಿಲ್ತೀನಿ.

ಪುಟ್ಟ: ಅಮ್ಮಾ, ಆಂಟಿ ಹೆಸರು ಸರೋಜನಾ?

ಕಟ್. ಕಾಂಪೌಂಡ್ ಗೋಡೆ. ಅಮ್ಮ ಈಚೆ, ವಿಮಲ ಆಂಟಿ ಆಚೆ, ಗೋಡೆ ಮೇಲೆ ಡಬ್ಬಿ.

ಅಮ್ಮ: ಇದು ನಿಮ್ಮ ಡಬ್ಬಿ ಅಲ್ವಾ?!

ವಿಮಲ ಆಂಟಿ: ನಮ್ಮನೇಲಿ ಇತ್ತು, ನಿಮ್ದೇ ಇರ್ಬೇಕು ಅಂತ ಎಳ್ಳು ತುಂಬಿ ಕಳಿಸಿದ್ದು ರೀ!

ಇಬ್ಬರೂ ನಿಧಾನಕ್ಕೆ ತಲೆ ಎತ್ತಿ ಮೇಲಿನ ಮನೆ ಕಡೆ ನೋಡ್ತಾರೆ.

0:50 – 1:00. ಬಾಗಿಲು

ಸರೋಜಮ್ಮ ಬಾಗಿಲಲ್ಲಿ. ಪಾಪ, ಬಹಳ ಸಂಕೋಚದಿಂದ ಬಂದಿದ್ದಾರೆ.

ಸರೋಜಮ್ಮ: ಪುಟ್ಟಾ, ನಮ್ಮದೊಂದು ಡಬ್ಬಿ ಹೋದ ವರ್ಷದಿಂದ ಕಾಣ್ತಿಲ್ಲ ಕಣೋ. ನಿಮ್ಮನೇಗೇನಾದ್ರೂ ಬಂದಿದ್ಯಾ?

ಪುಟ್ಟನ ಮುಖದಲ್ಲಿ ಒಂದು ವರ್ಷದ ಭಾರ ಇಳಿದ ಖುಷಿ. ಒಳಗೆ ಓಡಿ ಡಬ್ಬಿ ತರ್ತಾನೆ.

ಪುಟ್ಟ: ತಗೊಳ್ಳಿ ಅಜ್ಜಿ! ತೊಳೆದಿದ್ದೀನಿ!

ಮೊದಲ ಫ್ರೇಮ್ ಹೇಗಿತ್ತೋ ಹಾಗೇ ಮತ್ತೆ: ಪರದೆ ತುಂಬ ಡಬ್ಬಿ, ಚಾಚಿದ ಎರಡು ಕೈ, ಎದುರಿಂದ ಬರೋ ಬಳೆ ಕೈ, ಎರಡು ಬೆರಳಿನ ಜಾಗ. ಅಲ್ಲಿಗೇ ಕಟ್. ಅಮ್ಮನ ಕೂಗು ಇಲ್ಲಿ ಇಲ್ಲ. ರೀಲ್ ತಾನಾಗೇ ಮೊದಲಿಗೆ ಹೋಗುತ್ತೆ, ಆ ಕೂಗು ಅಲ್ಲಿ ಕಾದಿದೆ. ಹಾಗಾಗಿ ಅಜ್ಜಿಯೂ ಚಿಕ್ಕಮ್ಮನೂ ಅವೇ ಹಸಿರು ಗಾಜಿನ ಬಳೆ ಹಾಕ್ಕೋಬೇಕು, ಪುಟ್ಟ ಎರಡೂ ಕಡೆ ಅದೇ ನೀಲಿ ಶರ್ಟ್. ಈ ಎರಡು ಶಾಟ್ ಬೆಳಿಗ್ಗೆ ಒಂದರ ಹಿಂದೆ ಒಂದು ತೆಗೆದುಬಿಡೋಣ, ಬೆಳಕೂ ಒಂದೇ ಥರ ಇರುತ್ತೆ.

ಎಡಿಟಿಂಗ್‌ಗೆ: ಎಲ್ಲ ಮಾತೂ ಕನ್ನಡದಲ್ಲಿ ಅಕ್ಷರವಾಗಿ ಬರಬೇಕು. ಬಸ್ಸಿನಲ್ಲಿ ಸದ್ದಿಲ್ಲದೆ ನೋಡೋರೂ ಇರ್ತಾರೆ. ಅಕ್ಷರ ಪರದೆಯ ಮಧ್ಯಕ್ಕಿಂತ ಸ್ವಲ್ಪ ಕೆಳಗೆ ಇರಲಿ. ತೀರಾ ಕೆಳಗೆ ಕ್ಯಾಪ್ಶನ್ ಬರುತ್ತೆ, ಬಲಗಡೆ ಲೈಕ್ ಬಟನ್ ಇರುತ್ತೆ, ಅಲ್ಲಿ ಏನೂ ಬೇಡ. ಒಂದು ನಿಮಿಷಕ್ಕಿಂತ ಉದ್ದ ಆದ್ರೆ ಮೊದಲು ನವರಾತ್ರಿ ತೆಗೀರಿ. ಪಾನಕ ಮಾತ್ರ ತೆಗೀಬೇಡಿ.

ಕ್ಯಾಪ್ಶನ್: ನಿಮ್ಮ ಅಡುಗೆಮನೇಲಿ ಈಗ ಯಾರ ಡಬ್ಬಿ ಇದೆ? ಅವರಿಗೇ ಈ ರೀಲ್ ಕಳಿಸಿ. ಡಬ್ಬಿ ಜೊತೆ ಏನು ಹಾಕಿ ಕಳಿಸ್ತೀರಿ ಅಂತ ಕೆಳಗೆ ಬರೀರಿ.