ವಿಷಯ: ನರಸಾಪುರ ಪ್ಲಾಂಟ್‌ನ ಆಫರ್: ಸಂಬಳದ ವಿವರ, ಹುದ್ದೆ ಮತ್ತು ಜಾಯ್ನಿಂಗ್ ಬೋನಸ್ ಬರಹದಲ್ಲಿ ಬೇಕಾಗಿರುವ ಬಗ್ಗೆ

ಶ್ವೇತಾ ಮೇಡಂ ಅವರಿಗೆ ನಮಸ್ಕಾರ.

ಗುರುವಾರ ಸಂಜೆ ಫೋನ್ ಮಾಡಿ ಸೆಲೆಕ್ಟ್ ಆಗಿರುವ ವಿಷಯ ತಿಳಿಸಿದ್ದಕ್ಕೆ ಧನ್ಯವಾದ. ಮನೆಯಲ್ಲೂ ಎಲ್ಲರಿಗೂ ಖುಷಿಯಾಗಿದೆ. ಕೋಲಾರಕ್ಕೆ ಬಂದು ಕೆಲಸ ಮಾಡಲು ನನಗೆ ಪೂರ್ತಿ ಮನಸ್ಸಿದೆ. ಆದರೆ ಅವತ್ತು ನಾನು ಪ್ರೆಸ್ ಶಾಪ್ ಪಕ್ಕ ನಿಂತು ಮಾತಾಡುತ್ತಿದ್ದೆ, ಸದ್ದು ಜಾಸ್ತಿ ಇತ್ತು. ನೀವು ಹೇಳಿದ್ದರಲ್ಲಿ ನನಗೆ ಕೇಳಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸರಿ ಇದ್ದರೆ ಸರಿ ಅಂತ, ತಪ್ಪಿದ್ದರೆ ತಿದ್ದಿ, ಆಫರ್ ಲೆಟರ್‌ನಲ್ಲೋ ಕಂಪನಿ ಮೇಲ್‌ನಲ್ಲೋ ಖಚಿತಪಡಿಸಬೇಕು ಅಂತ ಕೇಳಿಕೊಳ್ಳುತ್ತೇನೆ.

ವರ್ಷಕ್ಕೆ ಒಟ್ಟು ಸಿಟಿಸಿ 6,60,000 ರೂಪಾಯಿ. ಅದರಲ್ಲಿ 6,00,000 ಫಿಕ್ಸೆಡ್, ಅಂದರೆ ತಿಂಗಳಿಗೆ 50,000. ಉಳಿದ 60,000 ವೇರಿಯಬಲ್. ಜಾಯ್ನಿಂಗ್ ಬೋನಸ್ 60,000, ಇದು ಸಿಟಿಸಿಯ ಹೊರಗೆ. ಸೇರುವ ದಿನ ಜುಲೈ 1. ಕೆಲಸ ನರಸಾಪುರ ಪ್ಲಾಂಟ್‌ನಲ್ಲಿ.

ನನಗೆ ಮುಖ್ಯವಾಗಿ ಗೊತ್ತಾಗಬೇಕಿರುವುದು ಆ ತಿಂಗಳ 50,000 ಹೇಗೆ ಒಡೆಯುತ್ತದೆ ಅನ್ನೋದು. ಬೇಸಿಕ್ ಎಷ್ಟು ಅಂತ ಫೋನ್‌ನಲ್ಲಿ ಮಾತು ಬರಲಿಲ್ಲ. ಅರ್ಧ, ಅಂದರೆ 25,000 ಅಂದುಕೊಂಡು ನಾನೇ ಕೂತು ಲೆಕ್ಕ ಹಾಕಿದೆ. ಕಂಪನಿ ಕಟ್ಟುವ ಪಿಎಫ್ ಮತ್ತು ಗ್ರಾಚ್ಯುಟಿ ಈ 50,000ದ ಹೊರಗಿದ್ದರೆ, ನನ್ನ ಪಾಲಿನ ಪಿಎಫ್ 3,000, ಪ್ರೊಫೆಷನಲ್ ಟ್ಯಾಕ್ಸ್ 200 ಕಳೆದು ಕೈಗೆ 46,800 ಬರುತ್ತದೆ. ಎರಡೂ ಒಳಗೇ ಇದ್ದರೆ ಕಂಪನಿ ಪಾಲಿನ 3,000, ಗ್ರಾಚ್ಯುಟಿಗೆ ಸುಮಾರು 1,200 ಮೊದಲೇ ಹೋಗಿ, ಕೈಗೆ 42,600 ಉಳಿಯುತ್ತದೆ. ತಿಂಗಳಿಗೆ 4,200 ವ್ಯತ್ಯಾಸ. ಕೋಲಾರದಲ್ಲಿ ಬಾಡಿಗೆ ಮನೆ ನೋಡುತ್ತಿರುವವನಿಗೆ ಇದು ಸಣ್ಣ ಮೊತ್ತ ಅಲ್ಲ, ಅಲ್ವಾ? ಪಿಎಫ್ ಪೂರ್ತಿ ಬೇಸಿಕ್ ಮೇಲೆ ಶೇ. 12 ಹಿಡಿಯುತ್ತೀರೋ, 15,000ದ ಮಿತಿಗೆ 1,800 ಮಾತ್ರವೋ, ಅದನ್ನೂ ತಿಳಿಸಿ. ಬೇಸಿಕ್, ಎಚ್‌ಆರ್‌ಎ, ಸ್ಪೆಷಲ್ ಅಲೋವೆನ್ಸ್, ಕಟಾವು ಎಲ್ಲ ಇರುವ ಒಂದು ಸ್ಯಾಲರಿ ಶೀಟ್ ಕಳಿಸಿದರೆ ನನ್ನ ಅರ್ಧ ಪ್ರಶ್ನೆಗಳಿಗೆ ಅದೇ ಉತ್ತರ ಕೊಡುತ್ತದೆ.

ವೇರಿಯಬಲ್ ವಿಷಯದಲ್ಲಿ ಹೆಚ್ಚು ಕೇಳುವುದಿಲ್ಲ. ವರ್ಷಕ್ಕೊಮ್ಮೆಯೋ, ಮೂರು ತಿಂಗಳಿಗೊಮ್ಮೆಯೋ? ಜುಲೈನಲ್ಲಿ ಸೇರಿದರೆ ಮಾರ್ಚ್‌ವರೆಗಿನ ಒಂಬತ್ತು ತಿಂಗಳಿಗೆ ಲೆಕ್ಕ ಹಾಕಿ ಕೊಡುತ್ತೀರಾ? ಇಷ್ಟು ಸಾಕು.

ಹುದ್ದೆಯ ಬಗ್ಗೆ ಒಂದು ಗೊಂದಲ ಇದೆ. ಕೊನೆಯ ಸುತ್ತಿನಲ್ಲಿ ಪ್ಲಾಂಟ್ ಹೆಡ್ ಸರ್ ‘ಸೀನಿಯರ್ ಕ್ವಾಲಿಟಿ ಎಂಜಿನಿಯರ್’ ಅಂದರು. ನೀವೂ ಫೋನ್‌ನಲ್ಲಿ ಹಾಗೇ ಹೇಳಿದಿರಿ. ಆದರೆ ದಾಖಲೆ ಅಪ್‌ಲೋಡ್ ಮಾಡಲು ಕಳಿಸಿದ ಪೋರ್ಟಲ್‌ನಲ್ಲಿ ಬರೀ ‘ಕ್ವಾಲಿಟಿ ಎಂಜಿನಿಯರ್’ ಅಂತ ತೋರಿಸುತ್ತಿದೆ. ಟೈಪ್ ಮಾಡುವಾಗ ಬಿಟ್ಟುಹೋಗಿರಬಹುದು. ಆದರೂ ಈಗ ಇಲ್ಲಿ ನಾನು ಕ್ವಾಲಿಟಿ ಎಂಜಿನಿಯರ್ ಆಗಿಯೇ ಇದ್ದೇನೆ. ಊರು ಬಿಟ್ಟು ಬಂದು ಅದೇ ಹೆಸರಿನಲ್ಲಿ ಕೂರಲು ಮನಸ್ಸಾಗುವುದಿಲ್ಲ. ಸರಿಯಾದ ಹುದ್ದೆ ಮತ್ತು ಗ್ರೇಡ್ ಲೆಟರ್‌ನಲ್ಲಿ ಬರಲಿ.

ಜಾಯ್ನಿಂಗ್ ಬೋನಸ್ ಯಾವಾಗ ಕೈಗೆ ಬರುತ್ತದೆ? ಮೊದಲ ಸಂಬಳದ ಜೊತೆ ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ. ಪ್ರೊಬೇಷನ್ ಮುಗಿದ ಮೇಲೆ ಅಂತಿದ್ದರೆ ಈಗಲೇ ಹೇಳಿಬಿಡಿ. ಮನೆ ಅಡ್ವಾನ್ಸ್ ಅದರಲ್ಲೇ ಹೊಂದಿಸಬೇಕು ಅಂದುಕೊಂಡಿದ್ದೇನೆ, ಇಲ್ಲದಿದ್ದರೆ ಬೇರೆ ದಾರಿ ನೋಡಿಕೊಳ್ಳಬೇಕು. ಒಂದು ವರ್ಷದೊಳಗೆ ಬಿಟ್ಟರೆ ವಾಪಸ್ ಕೊಡಬೇಕು ಅಂತ ನೀವು ಹೇಳಿದ್ದು ನೆನಪಿದೆ, ನನಗೆ ಒಪ್ಪಿಗೆ ಇದೆ. ಆದರೆ ಹನ್ನೊಂದು ತಿಂಗಳು ದುಡಿದು ಬಿಟ್ಟರೂ ಪೂರ್ತಿ 60,000 ಕೊಡಬೇಕೋ, ಉಳಿದ ತಿಂಗಳಿನ ಲೆಕ್ಕದಲ್ಲಿ ಕೊಡಬೇಕೋ? ಕಂಪನಿಯೇ ಕೆಲಸದಿಂದ ತೆಗೆದರೆ ಆ ಷರತ್ತು ಇರುತ್ತದಾ? ಈ ಎರಡು ಸಾಲು ಲೆಟರ್‌ನಲ್ಲಿ ಸ್ಪಷ್ಟವಾಗಿರಲಿ.

ಇಷ್ಟೆಲ್ಲ ಕೇಳುತ್ತಿರುವುದು ನಿಮ್ಮ ಮಾತಿನ ಮೇಲೆ ನಂಬಿಕೆ ಇಲ್ಲ ಅಂತಲ್ಲ. ಇಲ್ಲಿ ವಸಂತನರಸಾಪುರದ ಕಂಪನಿಯಲ್ಲಿ ನನಗೆ 60 ದಿನದ ನೋಟಿಸ್ ಇದೆ. ಏಪ್ರಿಲ್ 30ಕ್ಕೆ ರಾಜೀನಾಮೆ ಕೊಟ್ಟರೆ ಜೂನ್ 29ಕ್ಕೆ ರಿಲೀವ್ ಆಗಿ ನೀವು ಹೇಳಿದ ದಿನ ಸೇರಬಹುದು. ಕೈಯಲ್ಲಿ ಲೆಟರ್ ಇಲ್ಲದೆ ರಾಜೀನಾಮೆ ಕೊಡುವುದು ಕಷ್ಟ, ಮೇಡಂ. ಆದ್ದರಿಂದ ಏಪ್ರಿಲ್ 27ರೊಳಗೆ ಉತ್ತರ ಸಿಕ್ಕರೆ ಉಪಕಾರ. ತಡವಾದರೆ ಸೇರುವ ದಿನವನ್ನೂ ಅಷ್ಟೇ ಮುಂದಕ್ಕೆ ಹಾಕಬೇಕಾಗುತ್ತದೆ.

ನೀವು ಕೇಳಿದ್ದ ಮೂರು ತಿಂಗಳ ಪೇ ಸ್ಲಿಪ್ ಮತ್ತು ಡಿಪ್ಲೊಮಾ ಮಾರ್ಕ್ಸ್ ಕಾರ್ಡ್ ಇದರ ಜೊತೆ ಇಟ್ಟಿದ್ದೇನೆ. ಫೋನ್ ಮಾಡುವುದಾದರೆ ಮಧ್ಯಾಹ್ನ ಮೂರೂವರೆ ಮೇಲೆ ಮಾಡಿ. ಈ ವಾರ ಫಸ್ಟ್ ಶಿಫ್ಟ್, ಅಷ್ಟು ಹೊತ್ತಿಗೆ ಹೊರಗೆ ಬಂದಿರುತ್ತೇನೆ.

ವಂದನೆಗಳೊಂದಿಗೆ,
ಮಂಜುನಾಥ
ತುಮಕೂರು