ಪಿಟಿ ಪೀರಿಯಡ್‌ಗೆ ಯಾರೂ ಕೈ ಹಾಕಬಾರದು

ಜನವರಿ ಬಂತು. ತೋಟಗಳಲ್ಲಿ ಕಾಫಿ ಕುಯ್ಲು, ಶಾಲೆಗಳಲ್ಲಿ ರಿವಿಷನ್. ಮಾರ್ಚ್‌ನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ. ಅದಕ್ಕೂ ಮೊದಲು ಪೂರ್ವಸಿದ್ಧತಾ ಪರೀಕ್ಷೆ. ಈ ಗಡಿಬಿಡಿಯಲ್ಲಿ ಮೊದಲು ಮಾಯವಾಗುವುದು ಪಿಟಿ ಪೀರಿಯಡ್. ವೇಳಾಪಟ್ಟಿಯಲ್ಲಿ ಇರುತ್ತದೆ, ಬಿಡಿ. ಶುಕ್ರವಾರ ಏಳನೇ ಪೀರಿಯಡ್ ಎಂದು ನೀಟಾಗಿ ಬರೆದಿರುತ್ತಾರೆ. ಆ ಹೊತ್ತಿಗೆ ಹೋಗಿ ನೋಡಿದರೆ ಮೈದಾನ ಖಾಲಿ, ಬೋರ್ಡಿನ ಮೇಲೆ ತ್ರಿಕೋನಮಿತಿ.

ಹತ್ತನೇ ತರಗತಿಗೆ ಮಾತ್ರ ಹೀಗಾಗಿದ್ದರೆ ಎರಡು ತಿಂಗಳ ಮಾತು ಎಂದು ಸುಮ್ಮನಿರಬಹುದಿತ್ತೇನೋ. ಈಗ ಎಂಟು, ಒಂಬತ್ತಕ್ಕೂ ಇದೇ ಅಭ್ಯಾಸ ಇಳಿದಿದೆ. ಜನವರಿಗೆ ಕಾಯುವುದೂ ಇಲ್ಲ. ಪೋರ್ಷನ್ ಹಿಂದೆ ಬಿದ್ದಿದೆ ಎಂದರೆ ಸಾಕು, ಆಗಸ್ಟ್‌ನಲ್ಲೇ ಶುರು.

ಕೊಡಗಿನಲ್ಲಿ ಪೋರ್ಷನ್ ಹಿಂದೆ ಬೀಳುವುದಕ್ಕೆ ನಿಜವಾದ ಕಾರಣವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಜೋರಾದಾಗ ಜಿಲ್ಲಾಡಳಿತ ರಜೆ ಕೊಡುತ್ತದೆ. ಕೊಡಲೇಬೇಕು, ಮರ ಬೀಳುವ, ಗುಡ್ಡ ಜಾರುವ ದಾರಿಯಲ್ಲಿ ಮಕ್ಕಳನ್ನು ಕಳಿಸಲಾಗುವುದಿಲ್ಲ. ಆದರೆ ಹಾಗೆ ಹೋದ ದಿನಗಳ ಪಾಠವನ್ನು ಎಲ್ಲಿಂದಾದರೂ ತುಂಬಿಸಬೇಕಲ್ಲ. ಗಣಿತದಿಂದ ವಿಜ್ಞಾನಕ್ಕೆ ಪೀರಿಯಡ್ ಕೊಡಿ ಎಂದು ಯಾರೂ ಕೇಳುವುದಿಲ್ಲ. ಕೇಳುವುದು ಪಿಟಿ ಮೇಷ್ಟ್ರನ್ನು ಮಾತ್ರ. ಪಾಪ, ಅವರಿಗೆ ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ಅವರ ವಿಷಯಕ್ಕೆ ಬರುವುದು ಗ್ರೇಡ್. ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ಅವರದು ಒಂದೂ ಇಲ್ಲ.

ಮೇಷ್ಟ್ರುಗಳನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಫಲಿತಾಂಶ ಬಂದ ದಿನ ಜಿಲ್ಲೆಗೆ ಎಷ್ಟನೇ ಸ್ಥಾನ ಎಂದು ಪಟ್ಟಿ ಬರುತ್ತದೆ. ಸ್ಥಾನ ಇಳಿದರೆ ಮೇಲಿನವರು ಮುಖ್ಯ ಶಿಕ್ಷಕರನ್ನು ಕೇಳುತ್ತಾರೆ, ಮುಖ್ಯ ಶಿಕ್ಷಕರು ವಿಷಯ ಶಿಕ್ಷಕರನ್ನು ಕೇಳುತ್ತಾರೆ. ಮಕ್ಕಳು ವಾರಕ್ಕೆ ಎಷ್ಟು ಹೊತ್ತು ಆಡಿದರು ಎಂದು ಯಾವ ಸಭೆಯಲ್ಲಿ ಯಾರು ಕೇಳಿದ್ದಾರೆ? ನಾವು ಪೋಷಕರೂ ಕಡಿಮೆಯೇನಲ್ಲ. 'ಪಿಟಿ ಬದಲು ಇಂಗ್ಲಿಷ್ ಗ್ರಾಮರ್ ಮಾಡಿಸಿ ಮಿಸ್' ಎಂದು ಕೇಳಿಕೊಳ್ಳುವವರು ನಮ್ಮಲ್ಲೇ ಇದ್ದಾರೆ.

'ಆಟ ಸಂಜೆ ಆಡಿಕೊಳ್ಳಲಿ' ಎನ್ನುವುದು ಸಾಮಾನ್ಯವಾಗಿ ಬರುವ ಉತ್ತರ. ಮಡಿಕೇರಿ, ಕುಶಾಲನಗರದ ಪೇಟೆಯೊಳಗೆ ಮನೆ ಇರುವ ಹುಡುಗನಿಗೆ ಅದು ಸರಿ ಹೋಗಬಹುದು. ಗೋಣಿಕೊಪ್ಪದ ಶಾಲೆಗೆ ತೋಟದ ಲೈನ್‌ಮನೆಯಿಂದ ಬರುವ ಹುಡುಗಿಯನ್ನು ನೋಡಿ. ಶಾಲೆ ಬಿಟ್ಟ ಕೂಡಲೇ ಬಸ್ಸು ಹಿಡಿಯಬೇಕು. ಅದು ತಪ್ಪಿದರೆ ಮುಂದಿನದಕ್ಕೆ ಕತ್ತಲಾಗುತ್ತದೆ. ಬಸ್ಸಿಳಿದು ತೋಟದೊಳಗೆ ನಡೆಯಬೇಕು. ಸಂಜೆಯಾದರೆ ಆನೆ ಭಯ. ದಕ್ಷಿಣ ಕೊಡಗಿನಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಮನೆ ಸೇರಿದ ಮೇಲೆ ನೀರು ತರಬೇಕು, ತಮ್ಮನನ್ನು ನೋಡಿಕೊಳ್ಳಬೇಕು. ಕುಯ್ಲಿನ ಕಾಲದಲ್ಲಿ ಅಪ್ಪ ಅಮ್ಮ ಬರುವುದೇ ತಡ. ಲೈನ್‌ಮನೆ ಮುಂದೆ ಚೆಂಡು ಒದೆಯುವಷ್ಟು ಜಾಗವೂ ಇರುವುದಿಲ್ಲ. ಭಾನುವಾರ ಊರ ಮೈದಾನ ಹುಡುಗರದು. ಆ ಹುಡುಗಿಗೆ ಸಿಗುವ ಮೈದಾನ ಒಂದೇ, ಶಾಲೆಯದು. ಹೊತ್ತೂ ಒಂದೇ, ಪಿಟಿ ಪೀರಿಯಡ್. ಅದನ್ನು ಕಿತ್ತುಕೊಂಡರೆ ಅವಳಿಗೆ ಆಟವೇ ಇಲ್ಲ.

ಇದು ನಡೆಯುತ್ತಿರುವುದು ಯಾವ ಜಿಲ್ಲೆಯಲ್ಲಿ ನೋಡಿ! 1997ರಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳು ಬಂದಿದ್ದವು. ಎಂ.ಪಿ. ಗಣೇಶ್, 1980ರ ಮಾಸ್ಕೋ ಚಿನ್ನದ ತಂಡದಲ್ಲಿದ್ದ ಎಂ.ಎಂ. ಸೋಮಯ್ಯ, ಸೋಮವಾರಪೇಟೆಯ ಎಸ್.ವಿ. ಸುನಿಲ್, ಓಟದ ಅಶ್ವಿನಿ ನಾಚಪ್ಪ, 43ರ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದ ರೋಹನ್ ಬೋಪಣ್ಣ. ಶಾಲಾ ವಾರ್ಷಿಕೋತ್ಸವದ ಭಾಷಣದಲ್ಲಿ ಈ ಹೆಸರುಗಳು ಬಂದೇ ಬರುತ್ತವೆ. ಮಾರನೇ ದಿನ ಅದೇ ಶಾಲೆಯಲ್ಲಿ ಪಿಟಿ ಪೀರಿಯಡ್‌ಗೆ ಸಮಾಜ ವಿಜ್ಞಾನದ ನೋಟ್ಸ್ ಬರೆಸುತ್ತಾರೆ.

ಈ ಹೆಮ್ಮೆಯಿಂದ ಒಂದು ತೊಂದರೆಯೂ ಆಗಿದೆ ಎಂದು ನನಗನ್ನಿಸುತ್ತದೆ. ಆಟ ಎಂದರೆ ಪ್ರತಿಭೆ ಇದ್ದವರ ಬಾಬ್ತು ಎಂದುಕೊಂಡಿದ್ದೇವೆ. ಚೆನ್ನಾಗಿ ಆಡುವವರು ಕ್ರೀಡಾ ಹಾಸ್ಟೆಲ್‌ಗೆ ಹೋಗುತ್ತಾರೆ, ಉಳಿದವರಿಗೆ ಯಾಕೆ ಎಂಬ ಲೆಕ್ಕ. ನಾನು ಹೇಳುತ್ತಿರುವುದು ಆ ಉಳಿದವರ ವಿಷಯ. ತಾಲ್ಲೂಕು ಮಟ್ಟಕ್ಕೂ ಆಯ್ಕೆಯಾಗದ, ಥ್ರೋಬಾಲ್‌ನಲ್ಲಿ ಚೆಂಡು ಕೈಬಿಡುವ, ಓಡಿದರೆ ಏದುಸಿರು ಬಿಡುವ ಮಕ್ಕಳು. ಅವರಿಗೇ ಪಿಟಿ ಪೀರಿಯಡ್ ಜಾಸ್ತಿ ಬೇಕು. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬಿಸಿಯಾಗುವ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮಲ್ಲಿ ವಾರಕ್ಕೆ ಸಿಗುವ ಎರಡು ಪೀರಿಯಡ್ ಅದರ ಹತ್ತಿರಕ್ಕೂ ಬರುವುದಿಲ್ಲ. ಅದರಲ್ಲೂ ಕಳೆಯುವುದೇ?

ಸರಿ, ಅಂಕಗಳ ಮಾತೇ ಆಡೋಣ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2010ರಲ್ಲಿ ಶಾಲೆಯ ಆಟಕ್ಕೂ ಓದಿಗೂ ಇರುವ ಸಂಬಂಧದ ಬಗ್ಗೆ 50 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಅರ್ಧದಷ್ಟು ಕಡೆ ಆಟದಿಂದ ಓದಿಗೆ ಒಳ್ಳೆಯದೇ ಆಗಿತ್ತು. ಉಳಿದ ಹೆಚ್ಚಿನ ಕಡೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಓದು ಹಾಳಾಗಿದ್ದು ತೀರಾ ಅಪರೂಪ. ಆಡಿದರೆ ಎಲ್ಲರೂ ರ‍್ಯಾಂಕ್ ಬರುತ್ತಾರೆ ಎಂದು ನಾನು ಹೇಳುವುದಿಲ್ಲ. ಆಡಿದ್ದರಿಂದ ಫೇಲಾಗುತ್ತಾರೆ ಎಂಬ ಭಯಕ್ಕೆ ಆಧಾರ ಸಿಗುವುದಿಲ್ಲ, ಅಷ್ಟೇ. ಮಧ್ಯಾಹ್ನ ಊಟವಾದ ಮೇಲೆ ಸಾಲಾಗಿ ಮೂರು ರಿವಿಷನ್ ಕ್ಲಾಸ್ ತೆಗೆದುಕೊಂಡ ಯಾವ ಮೇಷ್ಟ್ರನ್ನಾದರೂ ಕೇಳಿ. ಮೂರನೆಯದರಲ್ಲಿ ಎಷ್ಟು ತಲೆಗಳು ಎಚ್ಚರವಾಗಿರುತ್ತವೆ ಎಂದು ಅವರಿಗೇ ಚೆನ್ನಾಗಿ ಗೊತ್ತು.

ಮಾಡಬೇಕಾದ್ದಕ್ಕೆ ಹೊಸ ಕಾನೂನೇನೂ ಬೇಡ. ಶಾಲೆಗೆ ಮೈದಾನ ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳಿದೆ. ಮೈದಾನ ಕೇಳುವ ಕಾನೂನಿನ ಆಶಯ ಅದರಲ್ಲಿ ಹುಲ್ಲು ಬೆಳೆಯಲಿ ಎಂದಲ್ಲ, ಅಲ್ವಾ? ಪಿಟಿ ಪೀರಿಯಡ್ ಬೇಕೆಂದವರು ಮುಖ್ಯ ಶಿಕ್ಷಕರ ಬಳಿ ಬರೆದು ಸಹಿ ಪಡೆಯಲಿ, ಅದೇ ವಾರದೊಳಗೆ ತಮ್ಮ ಪೀರಿಯಡ್ ಒಂದನ್ನು ವಾಪಸ್ ಕೊಡಲಿ. ಈ ಒಂದು ನಿಯಮ ಬಂದರೆ ಕೇಳುವವರ ಸಂಖ್ಯೆ ತಾನಾಗಿಯೇ ಇಳಿಯುತ್ತದೆ. ಮಳೆ ರಜೆಯ ಪಾಠವನ್ನು ಎಲ್ಲ ವಿಷಯಗಳೂ ಸೇರಿ ಶನಿವಾರಗಳಲ್ಲಿ ಹಂಚಿಕೊಳ್ಳಲಿ. ಪಿಟಿಯನ್ನು ದಿನದ ಕೊನೆಗೆ ಇಡುವುದೂ ಬೇಡ. ಬಸ್ಸಿಗೆ ಓಡುವ ಮಕ್ಕಳಿಗೆ ಅದು ಅರ್ಧ ಪೀರಿಯಡ್ ಆಗಿಬಿಡುತ್ತದೆ. ಹೋಂವರ್ಕ್ ಮಾಡದವರನ್ನು ಆಟಕ್ಕೆ ಬಿಡದೆ ಕೂರಿಸುವ ಶಿಕ್ಷೆಯನ್ನಂತೂ ಮೊದಲು ನಿಲ್ಲಿಸಬೇಕು.

ಮಳೆಗಾಲದಲ್ಲಿ ಏನು ಮಾಡುವುದು ಎಂಬುದು ನ್ಯಾಯವಾದ ಪ್ರಶ್ನೆ. ನಮ್ಮ ಮಳೆಯಲ್ಲಿ ಮೈದಾನಕ್ಕೆ ಇಳಿಸುವ ಹಾಗಿಲ್ಲ. ಆದರೆ ಜಗಲಿಯಲ್ಲಿ ಸ್ಕಿಪ್ಪಿಂಗ್ ಆಡಬಹುದು. ಡೆಸ್ಕ್ ಸರಿಸಿದರೆ ತರಗತಿಯಲ್ಲೇ ಸೂರ್ಯ ನಮಸ್ಕಾರ, ಬಸ್ಕಿ, ಬ್ಯಾಲೆನ್ಸ್ ಆಟಗಳನ್ನು ಮಾಡಿಸಬಹುದು. ಪರಿಚಯದ ದೈಹಿಕ ಶಿಕ್ಷಕರೊಬ್ಬರು ಹೇಳಿದ್ದು: 'ನನಗೆ ಹಗ್ಗ ಕೊಡಿ, ಜಗಲಿ ಕೊಡಿ, ಪೀರಿಯಡ್ ಕಿತ್ಕೋಬೇಡಿ. ಮಿಕ್ಕಿದ್ದು ನಾನು ನೋಡ್ಕೋತೀನಿ.'

ಪರೀಕ್ಷೆಗೆ ಇನ್ನೂ ಎರಡು ತಿಂಗಳಿದೆ. ಮುಂದಿನ ಪೋಷಕರ ಸಭೆಯಲ್ಲಿ ಮಗನ ಗಣಿತದ ಅಂಕ ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಿ: ಕಳೆದ ತಿಂಗಳು ಎಷ್ಟು ಪಿಟಿ ಪೀರಿಯಡ್ ನಿಜವಾಗಿ ನಡೆಯಿತು? ವೇಳಾಪಟ್ಟಿ ತೋರಿಸಿದರೆ ಒಪ್ಪಬೇಡಿ. ಮನೆಗೆ ಬಂದು ಮಗನನ್ನೇ ಕೇಳಿ.