ಚಿತ್ರಕ್ಕೆ ಉತ್ತರ ಹೇಳುವವರು ಯಾರು?

ಎಐ ಮಾಡಿಕೊಟ್ಟ ಚಿತ್ರವನ್ನು ಸೃಜನಶೀಲ ಕೃತಿ ಅನ್ನಬಹುದೇ? ಬೆಂಗಳೂರಿನ ಕಲಾ ಕಾಲೇಜೊಂದರಲ್ಲಿ ಇಲಸ್ಟ್ರೇಷನ್ ಕಲಿಸುವ ನನಗೆ ಇದು ಬರೀ ಚರ್ಚೆಯ ವಿಷಯವಲ್ಲ. ಸೆಮಿಸ್ಟರಿನ ಕೊನೆಗೆ ಮಾರ್ಕ್ಸ್ ಹಾಕುವಾಗ ಯಾವುದಾದರೊಂದು ತೀರ್ಮಾನಕ್ಕೆ ಬರಲೇಬೇಕು. ನನ್ನ ನಿಲುವು ಇಷ್ಟು: ಯಂತ್ರದಿಂದ ಮೂಡಿತು ಎಂಬ ಒಂದೇ ಕಾರಣಕ್ಕೆ ಚಿತ್ರವನ್ನು ತಳ್ಳಿಹಾಕಬಾರದು. ಆದರೆ ‘ಇದು ಇಲ್ಲಿ ಹೀಗೇಕಿದೆ?’ ಎಂದು ಕೇಳಿದಾಗ ಉತ್ತರ ಕೊಡುವ ಮನುಷ್ಯರೊಬ್ಬರು ಅದರ ಹಿಂದೆ ಇರಲೇಬೇಕು. ಇಲ್ಲದಿದ್ದರೆ ಅದು ಎಷ್ಟೇ ಚೆಂದ ಕಂಡರೂ ಸೃಷ್ಟಿಯಲ್ಲ.

ಎಐ ವಿರೋಧಿಸುವ ನನ್ನ ಗೆಳೆಯರು ಮೊದಲು ಹೇಳುವ ಮಾತು, ‘ಅದು ಇನ್ನೊಬ್ಬರದ್ದನ್ನು ಕಲಸಿ ಕೊಡುತ್ತದೆ ಅಷ್ಟೇ’ ಎಂಬುದು. ಈ ವಾದ ನನಗೆ ಸಾಲದು. ಇದ್ದದ್ದನ್ನೇ ಎತ್ತಿಕೊಳ್ಳುವುದು ತಪ್ಪಾದರೆ ನಾವು ಪಂಪನನ್ನೇ ಕೈಬಿಡಬೇಕಾಗುತ್ತದೆ. ಹತ್ತನೇ ಶತಮಾನದಲ್ಲಿ ಅವನು ಹೇಳಹೊರಟದ್ದು ಊರಿಗೆಲ್ಲ ಗೊತ್ತಿದ್ದ ಭಾರತದ ಕಥೆಯನ್ನು. ಅದರಲ್ಲಿ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನ ಜೊತೆ ಒಂದುಮಾಡಿದ. ಹಾಗೆ ಮಾಡಿಯೂ, ನೆನೆಯುವುದಾದರೆ ಎದುರುಪಾಳಯದ ಕರ್ಣನನ್ನು ನೆನೆಯಿರಿ ಎಂದ. ಕಥೆ ಅವನದಲ್ಲ, ಆ ಆಯ್ಕೆ ಅವನದು. ಅನ್ನ ಹಾಕುವ ದೊರೆಯ ಮುಂದೆ ನಿಂತು ಮಾಡಿದ ಆಯ್ಕೆ ಅದು. ಸಾವಿರ ವರ್ಷ ಕಳೆದರೂ ಅವನು ಹಾಗೆ ಯಾಕೆ ಹೇಳಿದ ಎಂದು ನಾವು ಇನ್ನೂ ಮಾತಾಡುತ್ತಿದ್ದೇವೆ.

ಹಾಗಾದರೆ ಯಂತ್ರ ಏನು ಮಾಡುತ್ತದೆ? ಇವತ್ತು ಹೆಚ್ಚು ಬಳಕೆಯಲ್ಲಿರುವ ಚಿತ್ರ ಮಾಡುವ ಎಐಗಳು ಕೋಟ್ಯಂತರ ಚಿತ್ರಗಳನ್ನೂ ಅವುಗಳ ಜೊತೆಗಿದ್ದ ವಿವರಣೆಗಳನ್ನೂ ನೋಡಿ ಕಲಿತಿವೆ. 2022ರಲ್ಲಿ ಹೊರಬಂದ ಲೈಯಾನ್-5ಬಿ ಎಂಬ ಒಂದೇ ಸಂಗ್ರಹದಲ್ಲಿ ಇಂಥ ಸುಮಾರು 585 ಕೋಟಿ ಜೋಡಿಗಳಿವೆ. ಪ್ರಾಂಪ್ಟ್, ಅಂದರೆ ಏನು ಬೇಕೆಂಬ ಬರಹ, ಕೊಟ್ಟಾಗ ಯಂತ್ರ ಸಾಮಾನ್ಯವಾಗಿ ಚುಕ್ಕಿಚುಕ್ಕಿಯ ಗದ್ದಲದಿಂದ ಶುರುಮಾಡಿ, ಹಂತಹಂತವಾಗಿ ಗದ್ದಲ ತೆಗೆಯುತ್ತಾ, ನಮ್ಮ ಪದಗಳಿಗೆ ಹೆಚ್ಚು ಹೊಂದುವ ರೂಪದ ಕಡೆ ಸಾಗುತ್ತದೆ. ಬಿಟ್ಟರೆ ಅದು ಹೋಗುವುದು ಎಲ್ಲರೂ ತುಳಿದ ದಾರಿಯಲ್ಲೇ. ಹೂವಾಡಗಿತ್ತಿ ಎಂದರೆ ಸುಕ್ಕುಗಟ್ಟಿದ ಮುಖ, ಹಿಂದಿನಿಂದ ಬಂಗಾರದ ಬಿಸಿಲು. ಕೆ.ಆರ್. ಮಾರ್ಕೆಟ್ಟಿನಲ್ಲಿ ಬೆಳಗಿನ ಜಾವ ಮೊಳ ಅಳೆಯುತ್ತಾ ಗಿರಾಕಿಯ ಹತ್ತಿರ ಜಗಳಕ್ಕೆ ನಿಂತ ಹೆಂಗಸು ತಾನಾಗಿ ಬರುವುದಿಲ್ಲ.

ನವೆಂಬರ್ ಬಂದರೆ ಬಡಾವಣೆಗಳ ರಾಜ್ಯೋತ್ಸವದ ಫ್ಲೆಕ್ಸ್‌ಗಳಲ್ಲಿ ಇದನ್ನು ನೋಡಬಹುದು. ನಮ್ಮ ರಸ್ತೆಯಲ್ಲಿ ಕಟ್ಟಿದ್ದ ಒಂದರಲ್ಲಿ ಯಕ್ಷಗಾನದ ವೇಷಧಾರಿಯ ಮುಖಕ್ಕೆ ಕಥಕಳಿಯ ಹಸಿರು ಬಣ್ಣ ಬಳಿದಿತ್ತು. ಬಾವುಟದಲ್ಲಿ ಕೆಂಪು ಮೇಲೆ, ಹಳದಿ ಕೆಳಗೆ. ಹಿಂದಿನ ಗೋಡೆಯ ಮೇಲಿನ ಅಕ್ಷರಗಳು ಕನ್ನಡದಂತೆ ಕಾಣುತ್ತಿದ್ದವು, ಒಂದನ್ನೂ ಓದಲಾಗುತ್ತಿರಲಿಲ್ಲ. ನನಗೆ ನೋವಾದದ್ದು ತಪ್ಪುಗಳಿಂದಲ್ಲ. ಅದನ್ನು ಪ್ರಿಂಟಿಗೆ ಕಳಿಸುವ ಮೊದಲು ಯಾರೂ ಒಮ್ಮೆ ಸರಿಯಾಗಿ ನೋಡಿಯೇ ಇರಲಿಲ್ಲ ಎಂಬುದರಿಂದ.

ಈಗ ಇನ್ನೊಂದು ಉದಾಹರಣೆ. ಕಳೆದ ವರ್ಷ ನಮ್ಮ ವಿದ್ಯಾರ್ಥಿಯೊಬ್ಬ ಬೆಂಗಳೂರಿನ ಕಾಣೆಯಾದ ಕೆರೆಗಳ ಮೇಲೆ ಚಿತ್ರಸರಣಿ ಮಾಡಿದ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಜಾಗದಲ್ಲಿ, ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯ ಜಾಗದಲ್ಲಿ. ತಾನೇ ತೆಗೆದ ಫೋಟೋಗಳಿಗೆ ಎಐಯಿಂದ ನೀರು ತರಿಸುವುದು ಅವನ ಯೋಚನೆ. ಮೊದಲು ಬಂದ ಚಿತ್ರಗಳು ಕ್ಯಾಲೆಂಡರಿಗೆ ಹೇಳಿಮಾಡಿಸಿದಂತಿದ್ದವು: ತೆಂಗಿನಮರ, ದೋಣಿ, ಸೂರ್ಯಾಸ್ತ. ‘ಸರ್, ಇದು ಅಲೆಪ್ಪಿ ಆಯ್ತು, ಮೆಜೆಸ್ಟಿಕ್ ಆಗ್ಲಿಲ್ಲ’ ಅಂದ. ಯಂತ್ರ ಪ್ರತಿ ಸಲವೂ ಬಸ್ಸುಗಳನ್ನು ಅಳಿಸಿ ಕೆರೆಯನ್ನು ಚೊಕ್ಕ ಮಾಡಿಬಿಡುತ್ತಿತ್ತು. ಇವನಿಗೆ ಬಸ್ಸು ಇರಬೇಕಿತ್ತು. ವಾರಗಟ್ಟಲೆ ಜಗ್ಗಾಡಿದ. ಹಳೆಯ ನಕ್ಷೆ ಹಿಡಿದು ಓಡಾಡಿ, ಎಲ್ಲಿಯವರೆಗೆ ನೀರಿತ್ತು ಎಂದು ಗುರುತುಹಾಕಿಕೊಂಡು ಬಂದ. ಕೊನೆಗೆ ಬೇಕಾದ ತುಂಡುಗಳನ್ನು ಮಾತ್ರ ಇಟ್ಟುಕೊಂಡು, ಉಳಿದದ್ದನ್ನು ಕೈಯಲ್ಲಿ ತಿದ್ದಿದ.

ಮುಗಿದ ಚಿತ್ರದಲ್ಲಿ ಪ್ಲಾಟ್‌ಫಾರಂ ಮೇಲೆ ಮಂಡಿಮಟ್ಟ ನೀರು. ಜನ ಎಂದಿನಂತೆ ಬಸ್ಸಿಗೆ ಕಾಯುತ್ತಿದ್ದಾರೆ, ಒಬ್ಬರೂ ಕೆಳಗೆ ನೋಡುತ್ತಿಲ್ಲ. ಹೆಂಗಸೊಬ್ಬಳ ಕೈಚೀಲದ ತಳ ಒದ್ದೆಯಾಗಿದೆ. ‘ಯಾರೂ ಯಾಕೆ ನೀರು ನೋಡ್ತಿಲ್ಲ?’ ಎಂದು ಕೇಳಿದೆ. ‘ನಾವೂ ನೋಡಲ್ವಲ್ಲ ಸರ್. ದಿನಾ ಕೆರೆ ಒಳಗೇ ನಿಂತಿರ್ತೀವಿ, ನಮಗೆ ಗೊತ್ತೇ ಇರಲ್ಲ’ ಅಂದ. ಚೀಲದ ಬಗ್ಗೆ ಕೇಳಿದೆ. ಅದೊಂದೂ ಒದ್ದೆಯಾಗದಿದ್ದರೆ ನೀರು ಬರೀ ಕನಸಾಗಿ ಉಳಿಯುತ್ತದೆ ಎಂದ. ಆ ಚೀಲವನ್ನು ಯಂತ್ರ ಕೊಟ್ಟಿರಲಿಲ್ಲ, ಅವನೇ ಬರೆದದ್ದು. ನಿಂತ ಜನರಲ್ಲಿ ಅರ್ಧ ಯಂತ್ರ ಕೊಟ್ಟದ್ದು. ಎರಡಕ್ಕೂ ಅವನ ಬಳಿ ಉತ್ತರವಿತ್ತು. ಇದನ್ನು ಸೃಜನಶೀಲತೆ ಅಲ್ಲ ಎನ್ನಲು ನನ್ನಿಂದ ಸಾಧ್ಯವಿಲ್ಲ.

ಕ್ಯಾಮೆರಾ ಬಂದಾಗಲೂ ಹೀಗೇ ಬೊಬ್ಬೆ ಹಾಕಿದ್ದರು ಎಂಬ ಸಮಾಧಾನವನ್ನು ನಾನು ಒಪ್ಪುವುದಿಲ್ಲ. ಫೋಟೋ ತೆಗೆಯುವವರು ಅಲ್ಲಿಗೆ ಹೋಗಿ ನಿಲ್ಲಬೇಕು, ಬೆಳಕಿಗೆ ಕಾಯಬೇಕು. ಪ್ರಾಂಪ್ಟ್ ಬರೆಯುವವರು ಎಲ್ಲಿಗೂ ಹೋಗಬೇಕಿಲ್ಲ. ಬರೀ ಶ್ರಮ ಹಾಕಿದರೂ ಸಾಲದು. 2022ರಲ್ಲಿ ಅಮೆರಿಕದ ಕೊಲೊರಾಡೊ ಸ್ಟೇಟ್ ಫೇರ್‌ನಲ್ಲಿ ಮಿಡ್‌ಜರ್ನಿ ಎಂಬ ಎಐಯಿಂದ ಮಾಡಿದ ಚಿತ್ರವೊಂದಕ್ಕೆ ಡಿಜಿಟಲ್ ಕಲೆಯ ಬಹುಮಾನ ಬಂತು. ಅದನ್ನು ಸಲ್ಲಿಸಿದ್ದ ಜೇಸನ್ ಅಲೆನ್ ಕನಿಷ್ಠ 624 ಸಲ ಪ್ರಾಂಪ್ಟ್ ತಿದ್ದಿದ್ದೇನೆ ಎಂದರು. ಆದರೂ ಅಲ್ಲಿನ ಕಾಪಿರೈಟ್ ಕಚೇರಿ 2023ರಲ್ಲಿ ನೋಂದಣಿ ನಿರಾಕರಿಸಿತು. ಎಷ್ಟು ಸಲ ಎಂಬ ಲೆಕ್ಕ ನನಗೂ ಮುಖ್ಯವಲ್ಲ. ಪ್ರತಿ ಸಲ ಏನನ್ನು ಬೇಡ ಅಂದಿರಿ, ಯಾಕೆ ಅಂದಿರಿ ಎಂಬುದು ಮುಖ್ಯ.

ನಮ್ಮ ಕಾನೂನು ಬೇರೆ ದಾರಿ ಹಿಡಿದಿದೆ. 1957ರ ಕಾಪಿರೈಟ್ ಕಾಯ್ದೆಗೆ 1994ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಕಂಪ್ಯೂಟರಿನಿಂದ ತಯಾರಾದ ಕೃತಿಗೆ ಅದು ಉಂಟಾಗಲು ಕಾರಣನಾದ ವ್ಯಕ್ತಿಯೇ ಕರ್ತೃ. ಇಂದಿನ ಎಐಯನ್ನು ಆಗ ಯಾರೂ ಕಂಡಿರಲಿಲ್ಲ. ಗುಂಡಿ ಒತ್ತಿದವರೂ ಕಾರಣರೇ, ಆ ಕೆರೆಯ ಹುಡುಗನೂ ಕಾರಣನೇ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ.

ಇದರ ಜೊತೆಗೇ ಹೇಳಬೇಕಾದ ಕಹಿ ಮಾತೊಂದಿದೆ. ಯಂತ್ರ ಕಲಿತದ್ದು ಬದುಕಿರುವ ಕಲಾವಿದರ ಕೆಲಸದಿಂದಲೂ ಹೌದು, ಅವರಲ್ಲಿ ಬಹುಪಾಲು ಜನರನ್ನು ಯಾರೂ ಕೇಳಲಿಲ್ಲ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಪುಸ್ತಕದ ಮುಖಪುಟದ ಕೆಲಸ ಕಡಿಮೆಯಾಗಿದೆ. ಕೆಲವರು ಎಐ ಚಿತ್ರ ಕಳಿಸಿ ‘ಇದನ್ನೇ ಸ್ವಲ್ಪ ಸರಿಮಾಡಿ ಕೊಡಿ’ ಎಂದು ಮುಖಪುಟದ ಕಾಲುಭಾಗ ದುಡ್ಡು ಹೇಳುತ್ತಾರಂತೆ. ಕೃತಿ ಸೃಜನಶೀಲವೇ ಎಂಬುದು ಒಂದು ಪ್ರಶ್ನೆ, ನ್ಯಾಯವಾಗಿ ಬಂತೇ ಎಂಬುದು ಇನ್ನೊಂದು. ನನ್ನ ವಿದ್ಯಾರ್ಥಿಯ ಚಿತ್ರಕ್ಕೂ ಎರಡನೆಯ ಪ್ರಶ್ನೆ ತಪ್ಪಿದ್ದಲ್ಲ. ಅದನ್ನು ಅವನ ಮುಂದೆಯೇ ಹೇಳಿದ್ದೇನೆ.

ಆದ್ದರಿಂದ ನನ್ನ ಬೇಡಿಕೆ ಸ್ಪಷ್ಟ. ಕಾಲೇಜುಗಳಲ್ಲಿ, ಕಲಾಸ್ಪರ್ಧೆಗಳಲ್ಲಿ ಎಐ ಬಳಸಿದ ಕೃತಿಯನ್ನು ಬಾಗಿಲಲ್ಲೇ ತಡೆಯಬೇಡಿ, ಕಣ್ಣುಮುಚ್ಚಿ ಒಳಗೂ ಬಿಡಬೇಡಿ. ಯಾವ ಭಾಗ ಯಂತ್ರದ್ದು, ಯಾವುದು ಕೈಯದು ಎಂದು ಬರೆಸಿಕೊಳ್ಳಿ. ಬೇಡವೆಂದು ಬಿಟ್ಟ ಚಿತ್ರಗಳನ್ನೂ ತರಿಸಿಕೊಂಡು, ಕಲಾವಿದರನ್ನು ಎದುರಿಗೆ ಕೂರಿಸಿ ಮಾತಾಡಿಸಿ. ಪ್ರತಿ ಜನವರಿ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ನಡೆಯುವಾಗ ಕೊಳ್ಳುವವರೂ ಇದನ್ನೇ ಮಾಡಬಹುದು. ರೇಟು ಕೇಳುವ ಮೊದಲು ಚಿತ್ರದ ಯಾವುದಾದರೂ ಒಂದು ಮೂಲೆ ತೋರಿಸಿ, ಇದು ಹೀಗೇಕೆ ಎಂದು ಕೇಳಿ.